ವನ್ ಪೀಸ್ ಕಾಸ್ಟ್ಯೂಮಿಗೆ ಎದೆ ಅಳತೆ ಒಂದೇ ಸಾಲದು

ಪ್ರಶ್ನೆ: ನನ್ನ ಎತ್ತರ 5 ಅಡಿ 7 ಇಂಚು, ಎದೆ ಸುತ್ತಳತೆ 35. ಚಾರ್ಟ್ ನೋಡಿ 34 ಸೈಜಿನ ಈಜು ಕಾಸ್ಟ್ಯೂಮ್ ತಗೊಂಡೆ. ಹೆಗಲು ಕೊಯ್ಯುತ್ತೆ, ಕೆಳಗೂ ಎಳೆಯುತ್ತೆ. ನೀರಿಗಿಳಿದರೆ ಸಡಿಲ ಆಗುತ್ತೆ, ಇದೇ ಸರಿ ಅಂತಾರೆ ಅಂಗಡಿಯವರು. ಹಿಂದಿನದು ನಾಲ್ಕೇ ತಿಂಗಳಿಗೆ ಜೋತುಬಿತ್ತು. ಯಾವ ಸೈಜ್ ತಗೊಳ್ಳಲಿ?

ಎದೆ, ಸೊಂಟ, ಹಿಪ್ ಮೂರೂ ಅಡ್ಡಕ್ಕೆ ಸುತ್ತುವ ಅಳತೆಗಳು. ವನ್ ಪೀಸ್ ಕಾಸ್ಟ್ಯೂಮ್ ಮೈಯನ್ನು ಉದ್ದಕ್ಕೂ ಸುತ್ತುತ್ತದೆ, ಆ ಅಳತೆ ನಿಮ್ಮ ಹತ್ತಿರ ಇಲ್ಲ. ಹೆಗಲಿನಿಂದ ಹೊರಟು ಎದೆಯ ಮೇಲೆ ಇಳಿದು, ತೊಡೆಸಂದಿನಲ್ಲಿ ಹಾದು, ಬೆನ್ನ ಮೇಲೆ ಹತ್ತಿ ಅದೇ ಹೆಗಲಿಗೆ ಬಂದು ಸೇರುವ ಸುತ್ತು ಅದು. ಒಳ್ಳೆಯ ಚಾರ್ಟುಗಳಲ್ಲಿ ಟಾರ್ಸೊ ಅಂತ ಒಂದು ಕಾಲಂ ಇರುತ್ತದೆ. ನಮ್ಮಲ್ಲಿ ಆನ್‌ಲೈನಿನಲ್ಲಿ ಸಿಗುವ ಬಹಳಷ್ಟು ಕಾಸ್ಟ್ಯೂಮುಗಳ ಚಾರ್ಟಿನಲ್ಲಿ ಅದೇ ಇರುವುದಿಲ್ಲ. ಎತ್ತರದವರಿಗೆ, ಅದರಲ್ಲೂ ಕಾಲಿಗಿಂತ ಮೈ ಉದ್ದ ಇರುವವರಿಗೆ ಪೆಟ್ಟು ಬೀಳುವುದು ಅಲ್ಲೇ.

ಅಳೆಯೋದು ಹೀಗೆ. ಮೈಗಂಟಿದ ತೆಳ್ಳನೆ ಒಳಬಟ್ಟೆ ಹಾಕಿ ನೆಟ್ಟಗೆ ನಿಲ್ಲಿ. ಕತ್ತಿಗೂ ಹೆಗಲ ತುದಿಗೂ ನಡುವೆ, ಸ್ಟ್ರಾಪ್ ಕೂರುವ ಜಾಗದಲ್ಲಿ ಟೇಪಿನ ತುದಿ ಹಿಡಿಯಿರಿ. ಎದೆಯ ಉಬ್ಬಿನ ಮೇಲೆಯೇ ಇಳಿಸಿ, ಕಾಲುಗಳ ನಡುವೆ ತಂದು, ಹಿಂದಿನಿಂದ ಮೇಲಕ್ಕೆ ತನ್ನಿ. ಟೇಪು ಮೈಗೆ ತಾಗಿರಬೇಕು, ಒತ್ತಬಾರದು. ಅಮ್ಮನೋ ಅಕ್ಕನೋ ಹಿಂದೆ ನಿಂತು ಹಿಡಿದರೆ ಸುಲಭ. ಟೈಲರ್ ಟೇಪು 60 ಇಂಚಿಗೆ ಮುಗಿದುಹೋಗುತ್ತದೆ, ನಿಮ್ಮ ಎತ್ತರಕ್ಕೆ ಅದು ಸಾಲುವುದು ಅನುಮಾನ. ಹಾಗಾದರೆ ಲಂಗದ ಲಾಡಿ ತಗೊಂಡು ಸುತ್ತಿ, ಸೇರುವಲ್ಲಿ ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ನೆಲದ ಮೇಲೆ ಹಾಸಿ ಅಳೆಯಿರಿ. ಸ್ವಲ್ಪ ಬಗ್ಗಿದರೂ ಇಂಚು ಆಚೀಚೆ ಆಗುತ್ತದೆ, ಅದಕ್ಕೇ ಎರಡು ಸಲ ಅಳೆದು ನೋಡಿ.

ನಾನು ಬೆಂಗಳೂರಿನಲ್ಲಿ ಹೆಂಗಸರ ಬ್ಯಾಚಿಗೆ ಈಜು ಕಲಿಸುತ್ತೇನೆ. ಹೆಚ್ಚು ಕಡಿಮೆ ನಿಮ್ಮ ಮೈಕಟ್ಟಿನವರೇ ಒಬ್ಬರಿದ್ದಾರೆ. ಅವರ ಎದೆ 35, ಟಾರ್ಸೊ 65 ಇಂಚು. ಅವರು ತಂದಿದ್ದೂ 34 ಸೈಜೇ. ಆ ಚಾರ್ಟಿನಲ್ಲಿ 34ರ ಎದೆ ಇವರಿಗೆ ಸರಿಯಾಗಿತ್ತು, ಟಾರ್ಸೊ ಮಾತ್ರ 62ಕ್ಕೇ ನಿಂತಿತ್ತು. ಸಾಮಾನ್ಯವಾಗಿ ಸೈಜು ಒಂದು ಹತ್ತಿದರೆ ಟಾರ್ಸೊ ಒಂದೂವರೆ ಇಂಚಿನಷ್ಟು ಹೆಚ್ಚುತ್ತದೆ. ಅಂದರೆ 65 ತಲುಪಲು ಎರಡು ಸೈಜು ಮೇಲೆ, 38ಕ್ಕೆ ಹೋಗಬೇಕು. ಅಲ್ಲಿ ಎದೆ ಮೂರಿಂಚು ಸಡಿಲ. ಗೋಡೆ ತಳ್ಳಿ ಹೊರಟ ಕೂಡಲೇ ಕತ್ತಿನಿಂದ ನೀರು ನುಗ್ಗಿ ಹೊಟ್ಟೆಯ ಹತ್ತಿರ ಚೀಲದ ಹಾಗೆ ಉಬ್ಬುತ್ತದೆ. ಒಂದು ಅಳತೆ ಹಿಡಿದರೆ ಇನ್ನೊಂದು ಕೈಬಿಡುತ್ತದೆ ಅಂತ ಅವರು ಬೇಜಾರಾಗಿದ್ದರು.

ಆಗ ಚಾರ್ಟ್ ಬಿಟ್ಟು ಬಟ್ಟೆಯನ್ನೇ ಅಳೆದೆವು. ಅವರಿಗೆ ಹಿತವಾಗಿದ್ದ ಹಳೆಯ ಕಾಸ್ಟ್ಯೂಮೊಂದಿತ್ತು, ಹೆಚ್ಚು ಬಳಸಿರಲಿಲ್ಲ. ಅದನ್ನು ಎಳೆಯದೆ ಮೇಜಿನ ಮೇಲೆ ಹಾಸಿ ಸ್ಟ್ರಾಪಿನ ಮೇಲ್ತುದಿಯಿಂದ ತೊಡೆಸಂದಿನ ಕೆಳತುದಿಗೆ ಅಳೆದರೆ 28 ಇಂಚು ಬಂತು. ಮುಂದೆ ಹಿಂದೆ ಸೇರಿ 56. ಅದನ್ನು 65 ಇಂಚಿನ ಮೈಗೆ ಏರಿಸಿದಾಗ ಬಟ್ಟೆ ಉದ್ದಕ್ಕೆ ಶೇಕಡ 16ರಷ್ಟು ಹಿಗ್ಗುತ್ತದೆ. ಹೊಸ 34 ಅಳೆದರೆ 26, ಎರಡು ಪಟ್ಟು ಮಾಡಿದರೆ 52. ಅದೇ ಮೈಗೆ ಅದು ಶೇಕಡ 25 ಹಿಗ್ಗಬೇಕು. ಹೆಗಲ ಮೇಲಿನ ಕೆಂಪು ಗೆರೆಗೆ ಕಾರಣ ಅದು. ಕೊನೆಗೆ 36 ಸೈಜಿನಲ್ಲಿ, ಬೆನ್ನು ತೆರೆದಿರುವ, ತೆಳು ಸ್ಟ್ರಾಪಿನ ಒಂದು ಮಾದರಿ ಹೊಂದಿತು. ಹಾಸಿದಾಗ ಅದೂ 28ರ ಹತ್ತಿರ ಇತ್ತು. ತೆಳು ಸ್ಟ್ರಾಪು ಅಗಲ ಸ್ಟ್ರಾಪಿಗಿಂತ ಸುಲಭವಾಗಿ ಹಿಗ್ಗುತ್ತದೆ. ಬೆನ್ನು ಪೂರ್ತಿ ಮುಚ್ಚಿ ಜಿಪ್ ಇರುವ ಮಾದರಿಗಳಲ್ಲಿ ಆ ರಿಯಾಯಿತಿ ಸಿಗುವುದಿಲ್ಲ. ತೋಳಿರುವ, ಮೊಣಕಾಲವರೆಗೆ ಬರುವ ಕಾಸ್ಟ್ಯೂಮ್ ನೀವು ಹಾಕುವವರಾದರೆ ಇನ್ನೂ ಜಾಗ್ರತೆ ಬೇಕು. ಅಲ್ಲಿ ಸ್ಟ್ರಾಪೇ ಇಲ್ಲ, ಕೈ ಎತ್ತಿದಾಗಲೆಲ್ಲ ಇಡೀ ಬಟ್ಟೆ ತೊಡೆಸಂದಿನಿಂದ ಎಳೆಯುತ್ತದೆ.

ನಿಮ್ಮದನ್ನು ವಾಪಸ್ ಮಾಡುವ ಮುಂಚೆ ಇನ್ನೊಂದು ಸಲ ಹಾಕಿ ನೋಡಿ, ಸ್ಟ್ರಾಪು ಹಿಡಿದು ಮೇಲಕ್ಕೆ ಜಗ್ಗಬೇಡಿ. ಮೊದಲು ತೊಡೆಸಂದಿನ ಭಾಗ ಮೈಗೆ ಪೂರ್ತಿ ಕೂರಲಿ, ಹಿಪ್ ಮೇಲೆ ಬಟ್ಟೆ ಸಮವಾಗಿ ಹತ್ತಲಿ, ಸ್ಟ್ರಾಪು ಕೊನೆಗೆ. ಕೆಳಗೆ ಎರಡಿಂಚು ಉಳಿಸಿಕೊಂಡು ಮೇಲಿಂದ ಎಳೆದು, ಚಿಕ್ಕದಾಯಿತು ಅನ್ನುವವರು ಬೇಕಾದಷ್ಟು ಜನ. ಹಾಕಿಕೊಂಡ ಮೇಲೆ ಸ್ಟ್ರಾಪನ್ನು ಬೆರಳಿನಲ್ಲಿ ಎತ್ತಿ. ಇಂಚಿನಷ್ಟು ಎದ್ದರೆ ಸರಿ. ಎರಡಿಂಚಿಗಿಂತ ಹೆಚ್ಚು ಎದ್ದರೆ ಸಡಿಲ. ಎತ್ತಲಿಕ್ಕೇ ಆಗದಿದ್ದರೆ ಉದ್ದ ಸಾಲದು. ಒಮ್ಮೆ ಕೂತು, ಒಮ್ಮೆ ಎರಡೂ ಕೈ ಎತ್ತಿ ನೋಡಿ. ಹೊಟ್ಟೆಯ ಮೇಲೆ ಅಡ್ಡ ಸುಕ್ಕು ಬಂದರೆ ಉದ್ದ ಹೆಚ್ಚಾಗಿದೆ ಅಂತ ಅರ್ಥ. ಕಾಲಿನ ಅಂಚು ಮೇಲೇರಿ ಕತ್ತಿನ ಅಂಚು ಕೆಳಗೆ ಜಗ್ಗಿದರೆ ಕಡಿಮೆ. ಅಂದಹಾಗೆ, ಕಾಸ್ಟ್ಯೂಮಿನ 34ಕ್ಕೂ ನಿಮ್ಮ ಬ್ರಾ ಸೈಜಿನ 34ಕ್ಕೂ ಸಂಬಂಧ ಇಲ್ಲ. ಬ್ರಾದಲ್ಲಿ ಅದು ಎದೆಯ ಕೆಳಗಿನ ಪಟ್ಟಿಯ ಸೈಜು. ಕಾಸ್ಟ್ಯೂಮ್ ಚಾರ್ಟು ಕೇಳುವುದು ಉಬ್ಬಿನ ಮೇಲಿನ ಪೂರ್ತಿ ಸುತ್ತು.

ಇನ್ನು ನೀರಲ್ಲಿ ಸಡಿಲವಾಗುತ್ತದೆ ಅನ್ನುವ ಮಾತು. ಅಂಗಡಿಯವರು ಪೂರ್ತಿ ಸುಳ್ಳು ಹೇಳಿಲ್ಲ. ನಮ್ಮಲ್ಲಿ ಮಾರುವ ಕಾಸ್ಟ್ಯೂಮುಗಳಲ್ಲಿ ನೈಲಾನ್ ಮತ್ತು ಎಲಾಸ್ಟೇನ್ ಕೂಡಿಸಿ ಹೆಣೆದವು ಬಹಳ. ನೈಲಾನ್ ಎಳೆ ಸ್ವಲ್ಪ ನೀರು ಹೀರಿ ಮೆತ್ತಗಾಗುತ್ತದೆ, ಪಾಲಿಯೆಸ್ಟರ್ ಹೀರುವುದು ತೀರಾ ಕಡಿಮೆ. ಹೆಣಿಗೆಯ ಸಂದಿನಲ್ಲಿ ನಿಲ್ಲುವ ನೀರಿಗೂ ತೂಕ ಇದೆ. ಕೊಳದೊಳಗೆ ಆ ತೂಕ ಗೊತ್ತಾಗುವುದಿಲ್ಲ, ಮೆಟ್ಟಿಲು ಹತ್ತಿ ಮೇಲೆ ಬಂದಾಗ ಸೀಟಿನ ಭಾಗ ಕೆಳಗೆ ಜಗ್ಗುತ್ತದೆ. ಫ್ರಾಕಿನ ಥರ ಸ್ಕರ್ಟ್ ಇರುವುದಾದರೆ ಜಗ್ಗಾಟ ಇನ್ನೂ ಜಾಸ್ತಿ. ಅದಕ್ಕೇ ಒಣಗಿದ್ದಾಗ ಎರಡನೇ ಚರ್ಮದ ಹಾಗೆ ಬಿಗಿ ಇರಲಿ ಅನ್ನುತ್ತಾರೆ. ಆ ಬಿಗಿ ಇರಬೇಕಾದ್ದು ಸುತ್ತಳತೆಯಲ್ಲಿ. ಮೂರಿಂಚು ಕಡಿಮೆ ಬಿದ್ದ ಉದ್ದವನ್ನು ನೀರು ತುಂಬಿಕೊಡುವುದಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟಿಕೊಳ್ಳುವುದರಿಂದ ಮೇಲೆ ಹತ್ತಿದ ಅಂಚು ತಾನಾಗಿ ಜಾರಿ ಕೆಳಗೂ ಬರುವುದಿಲ್ಲ, ಪ್ರತಿ ಸುತ್ತಿಗೂ ನಿಂತು ಸರಿಪಡಿಸಬೇಕು.

ಹಿಂದಿನದು ಜೋತುಬಿದ್ದಿದ್ದು ನೀರಿನಿಂದಲ್ಲ, ಕ್ಲೋರಿನ್ನಿನಿಂದ ಅಂತ ನನ್ನ ಲೆಕ್ಕ. ನೀರಿನ ಸಡಿಲ ಬಟ್ಟೆ ಒಣಗಿದರೆ ಹೋಗುತ್ತದೆ, ಕ್ಲೋರಿನ್ನಿನದು ಹೋಗುವುದಿಲ್ಲ. ಎಲಾಸ್ಟೇನ್, ಸ್ಪ್ಯಾಂಡೆಕ್ಸ್, ಲೈಕ್ರಾ ಅಂತ ಲೇಬಲ್ಲಿನಲ್ಲಿ ಏನೇ ಬರೆದಿರಲಿ, ಅದು ಪಾಲಿಯುರೆಥೇನ್ ಜಾತಿಯ ಎಳೆ. ಹಿಗ್ಗಿದ್ದನ್ನು ಮತ್ತೆ ಕುಗ್ಗಿಸುವ ಕೆಲಸ ಅದರದು. ಕೊಳದ ಕ್ಲೋರಿನ್ ಆ ಎಳೆಯ ಅಣುಸರಪಳಿಯನ್ನೇ ಕಡಿಯುತ್ತದೆ. ಎಳೆತ ಜಾಸ್ತಿ ಇರುವ ಸೀಟು ಮತ್ತು ಸ್ಟ್ರಾಪುಗಳಲ್ಲಿ ಹಾನಿ ಮೊದಲು ಕಾಣುತ್ತದೆ. ಅಂದರೆ ಉದ್ದ ಸಾಲದ ಕಾಸ್ಟ್ಯೂಮು ಬೇಗ ಹಾಳಾಗಲು ಅದರ ಬಿಗಿಯೂ ಕಾರಣ. ಹೇಗಿದ್ದರೂ ಸಡಿಲವಾಗುತ್ತದಲ್ಲ ಅಂತ ಚಿಕ್ಕದು ಕೊಂಡರೆ ಅದರ ಆಯಸ್ಸನ್ನು ನಾವೇ ಕಡಿಮೆ ಮಾಡಿದ ಹಾಗೆ.

ಹಾಳಾಗುತ್ತಿರುವುದು ಮೊದಲು ಗೊತ್ತಾಗುವುದು ಒದ್ದೆಯಾದಾಗ. ಒಣಗಿದ್ದಾಗ ಚೆನ್ನಾಗೇ ಕೂರುತ್ತದೆ, ಕೊಳದಿಂದ ಹೊರಬಂದಾಗ ಮಾತ್ರ ಜೋಲುತ್ತದೆ. ಆಮೇಲೆ ಬೆಳಕಿಗೆ ಹಿಡಿದರೆ ಸೀಟಿನ ಭಾಗದಲ್ಲಿ ಆಚೆಯದು ಕಾಣಿಸಲು ಶುರುವಾಗುತ್ತದೆ, ಒಳಗಿನಿಂದ ಸಣ್ಣ ಬಿಳಿ ಎಳೆಗಳು ಕೂದಲಿನಂತೆ ಎದ್ದಿರುತ್ತವೆ. ಬಟ್ಟೆಯನ್ನು ಎಳೆದು ಬಿಟ್ಟರೆ ಮೊದಲಿನ ಹಾಗೆ ಚಟ್ಟನೆ ಮರಳುವುದಿಲ್ಲ. ಅಲ್ಲಿಗೆ ಬಂದಿದ್ದನ್ನು ರಿಪೇರಿ ಮಾಡುವ ದಾರಿ ಇಲ್ಲ, ಬದಲಿಸಬೇಕು.

ವಾರಕ್ಕೆ ಮೂರು ನಾಲ್ಕು ದಿನ ಈಜುವವರಾದರೆ ಲೇಬಲ್ ನೋಡಿ ಪಾಲಿಯೆಸ್ಟರ್ ಮತ್ತು ಪಿಬಿಟಿ ಇರುವುದನ್ನೇ ಕೊಳ್ಳಿ. ಪಿಬಿಟಿಯೂ ಪಾಲಿಯೆಸ್ಟರಿನದೇ ಒಂದು ಬಗೆ. ಎಳೆಯ ಗುಂಗುರಿನಿಂದಲೇ ಹಿಗ್ಗುವುದರಿಂದ ಎಲಾಸ್ಟೇನ್ ಬೇಕಾಗುವುದಿಲ್ಲ, ಕ್ಲೋರಿನ್ನಿಗೆ ಜಗ್ಗುವುದೂ ಇಲ್ಲ. ಆದರೆ ನೈಲಾನಿನಷ್ಟು ಹಿಗ್ಗುವುದಿಲ್ಲ, ಹೊಸದರಲ್ಲಿ ಒರಟು ಅನ್ನಿಸುತ್ತದೆ. ಹಾಗಾಗಿ ಅದರಲ್ಲಿ ಟಾರ್ಸೊ ಇನ್ನೂ ಕರಾರುವಾಕ್ಕಾಗಿ ಹೊಂದಬೇಕು. ಎರಡು ಸೈಜಿನ ನಡುವೆ ಬಿದ್ದರೆ ನೈಲಾನಿನಲ್ಲಿ ಚಿಕ್ಕದು, ಪಿಬಿಟಿಯಲ್ಲಿ ದೊಡ್ಡದು ತಗೊಳ್ಳಿ ಅಂತ ನಾನು ನಮ್ಮವರಿಗೆ ಹೇಳುತ್ತೇನೆ.

ಯಾವುದೇ ಆಗಲಿ, ಕೊಳಕ್ಕೆ ಇಳಿಯುವ ಮುಂಚೆ ಷವರಿನಲ್ಲಿ ಬಟ್ಟೆ ಪೂರ್ತಿ ನೆನೆಸಿ. ಒಳ್ಳೆ ನೀರು ಮೊದಲೇ ತುಂಬಿಕೊಂಡರೆ ಕ್ಲೋರಿನ್ ನೀರಿಗೆ ಜಾಗ ಕಡಿಮೆ. ತಲೆಗೆ ಮೈಗೆ ಕೊಬ್ಬರಿ ಎಣ್ಣೆ ಬಳಿದು ಬರುವವರಿಗೆ ಇದರಲ್ಲಿ ಎರಡನೇ ಲಾಭವೂ ಇದೆ, ಎಣ್ಣೆ ಕೂಡ ಎಲಾಸ್ಟೇನನ್ನು ಕೆಡಿಸುತ್ತದೆ. ಈಜಿದ ಮೇಲೆ ಅಲ್ಲೇ ತಣ್ಣೀರಿನಲ್ಲಿ ಜಾಲಿಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ನೆರಳಿನಲ್ಲಿ ಹಾಸಿ ಒಣಗಿಸಿ. ಒದ್ದೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಂಜೆವರೆಗೆ ಇಟ್ಟರೆ ಉಳಿದ ಕ್ಲೋರಿನ್ ಅಷ್ಟು ಹೊತ್ತೂ ಅದರ ಮೇಲೇ ಇರುತ್ತದೆ.

ನಿಮ್ಮ 34 ವಾಪಸ್ ಆಗದಿದ್ದರೆ ಟೈಲರ್ ಹತ್ತಿರ ಸ್ಟ್ರಾಪಿಗೆ ತುಂಡು ಸೇರಿಸಬಹುದು. ಎರಡೂ ಸ್ಟ್ರಾಪಿಗೆ ಒಂದೊಂದಿಂಚು ಕೂಡಿಸಿದರೆ ಸುತ್ತಿಗೆ ಒಂದಿಂಚು ಸಿಗುತ್ತದೆ. ಅದಕ್ಕಿಂತ ತುಂಬಾ ಹೆಚ್ಚಿಸಿದರೆ ಕತ್ತು, ಕಂಕುಳು ಎರಡೂ ಇಳಿದುಬಿಡುತ್ತವೆ. ಜಿಗ್‌ಜಾಗ್ ಹೊಲಿಗೆಯನ್ನೇ ಹಾಕಿಸಿ, ದಾರ ಪಾಲಿಯೆಸ್ಟರಿನದಿರಲಿ. ನೇರ ಹೊಲಿಗೆ ಮೊದಲ ಎಳೆತಕ್ಕೇ ಕಿತ್ತುಬರುತ್ತದೆ.

ಹೊಸದು ಕೊಳ್ಳುವುದಾದರೆ, ಟಾರ್ಸೊ 63ರ ಒಳಗೆ ಬಂದರೆ 36 ಸಾಕಾಗಬಹುದು. 65 ದಾಟಿದರೆ ಲಾಂಗ್ ಅಥವಾ ಟಾಲ್ ಅಂತ ಬರೆದಿರುವ ಮಾದರಿ ಹುಡುಕಿ. ಅದು ಸಿಗದಿದ್ದರೆ ನಿಮ್ಮ ಕೊಳದ ನಿಯಮ ಒಪ್ಪುವಂಥ ಮೇಲೆ ಕೆಳಗೆ ಬೇರೆ ಬೇರೆ ಇರುವ ಸೆಟ್ಟೇ ವಾಸಿ, ಅದರಲ್ಲಿ ಈ ಅಳತೆಯ ಗೊಡವೆಯೇ ಇಲ್ಲ. ಲಾಡಿ ಹಿಡಿದು ಅಳೆದು ಎಷ್ಟು ಬಂತು ಅಂತ ಕಾಮೆಂಟಿನಲ್ಲಿ ಬರೆಯಿರಿ, ಜೊತೆಗೆ ನಿಮ್ಮ 34 ಹಾಸಿದಾಗ ಎಷ್ಟಿದೆ ಅನ್ನುವುದನ್ನೂ ಬರೆಯಿರಿ.