ಫ್ರೀಲಾನ್ಸ್ ಸೈಟ್‌ನಲ್ಲಿ ನಲವತ್ತು ಪ್ರಪೋಸಲ್ ಕಳಿಸಿದರೂ ಒಂದು ಕೆಲಸವೂ ಸಿಕ್ಕಿಲ್ಲ. ಮೊದಲ ಕ್ಲೈಂಟ್ ಸಿಗೋಕೆ ರೇಟ್ ಇಳಿಸಲಾ, ಇಲ್ಲ ಫ್ರೀಯಾಗಿ ಮಾಡಿಕೊಡಲಾ?

ಎರಡೂ ಬೇಡ. ನಾನು ಎರಡನ್ನೂ ಮಾಡಿ ನೋಡಿದವನು. ನನ್ನ ಲೆಕ್ಕ ನಿಮ್ಮದಕ್ಕಿಂತ ಕೆಟ್ಟದಾಗಿತ್ತು. 46 ಪ್ರಪೋಸಲ್, ಕೆಲಸ ಸೊನ್ನೆ. 47ನೆಯದಕ್ಕೆ ಸಿಕ್ಕಿತು.

ನಾನು ಹುಡುಕುತ್ತಿದ್ದದ್ದು ಸ್ಪ್ರೆಡ್‌ಶೀಟ್ ಕೆಲಸ. ಚೆಲ್ಲಾಪಿಲ್ಲಿಯಾದ ಡೇಟಾ ಸರಿಮಾಡೋದು, ಎರಡೆರಡು ಸಲ ಬಂದ ಹೆಸರು ತೆಗೆಯೋದು, ಹೀಗೆ. ಮೊದಲ 20ಕ್ಕೆ ಉತ್ತರ ಬರದಿದ್ದಾಗ ರೇಟನ್ನು ಕಾಲು ಭಾಗ ಇಳಿಸಿದೆ. ಇನ್ನು ಹತ್ತು ಕಳಿಸಿ ಅರ್ಧಕ್ಕೆ ತಂದೆ. ಕೊನೆಗೆ ಒಬ್ಬರಿಗೆ ‘ಫ್ರೀಯಾಗಿ ಮಾಡಿಕೊಡ್ತೀನಿ, ಇಷ್ಟವಾದರೆ ದುಡ್ಡು ಕೊಡಿ’ ಅಂತಲೂ ಬರೆದೆ. ಅವರೂ ಉತ್ತರ ಕೊಡಲಿಲ್ಲ. ಬಿಟ್ಟಿ ಕೊಟ್ಟರೂ ಬೇಡ ಅನ್ನಿಸಿಕೊಳ್ಳೋದು ಹೇಗಿರುತ್ತೆ ಅಂತ ಆವತ್ತು ಗೊತ್ತಾಯಿತು.

ಒಂದು ರಾತ್ರಿ ಕೂತು ಕಳಿಸಿದ್ದನ್ನೆಲ್ಲ ಒಂದು ಶೀಟ್‌ಗೆ ಹಾಕಿದೆ. ನಾನಿದ್ದ ಸೈಟ್‌ನಲ್ಲಿ ಕ್ಲೈಂಟ್ ನಮ್ಮ ಪ್ರಪೋಸಲ್ ತೆರೆದರೆ ‘ನೋಡಿದ್ದಾರೆ’ ಅಂತ ಗುರುತು ಬೀಳುತ್ತಿತ್ತು. 46ರಲ್ಲಿ ಆ ಗುರುತು ಇದ್ದದ್ದು ನಾಲ್ಕಕ್ಕೆ. ರೇಟ್ ಇಳಿಸುವ ಮೊದಲು ಎರಡು, ಇಳಿಸಿದ ಮೇಲೆ ಎರಡು. ಅಂದರೆ ಉಳಿದ 42 ಜನ ನನ್ನನ್ನು ಬೇಡ ಅಂದಿರಲೇ ಇಲ್ಲ. ಓದಿಯೇ ಇರಲಿಲ್ಲ! ಓದದೇ ಇರೋದಕ್ಕೆ ರೇಟ್ ಕಾಲು ಇಳಿಸಿದರೇನು, ಅರ್ಧ ಇಳಿಸಿದರೇನು? ನಿಮ್ಮ ಸೈಟ್‌ನಲ್ಲೂ ಅಂಥ ಗುರುತು ಇದ್ದರೆ ಮೊದಲು ಅದನ್ನು ಎಣಿಸಿ. ರೇಟಿನ ಮಾತು ಆಮೇಲೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ಗೆಳತಿಯೊಬ್ಬಳು ಆಗ ಆಫೀಸಿನ ಕೆಲಸಕ್ಕೆ ಡಿಸೈನರ್ ಹುಡುಕುತ್ತಿದ್ದಳು. ಅದೇ ಸೈಟ್‌ನಲ್ಲಿ. ಬಂದ ಪ್ರಪೋಸಲ್‌ಗಳನ್ನು ಅವಳು ಹೇಗೆ ನೋಡ್ತಾಳೆ ಅಂತ ಪಕ್ಕದಲ್ಲಿ ಕೂತು ನೋಡಿದೆ. ಪರದೆಯ ಮೇಲೆ ಉದ್ದ ಪಟ್ಟಿ. ಒಬ್ಬೊಬ್ಬರಿಗೂ ಒಂದು ಚಿಕ್ಕ ಫೋಟೋ, ಹೆಸರು, ರೇಟ್, ಆಮೇಲೆ ಪ್ರಪೋಸಲ್‌ನ ಮೊದಲ ಎರಡು ಸಾಲು. ಅಷ್ಟೇ. ಉಳಿದದ್ದು ಓದಬೇಕಾದರೆ ಒತ್ತಬೇಕು. ಅವಳು ಒತ್ತುತ್ತಿರಲಿಲ್ಲ. ಬೆರಳಿನಲ್ಲಿ ಮೇಲಕ್ಕೆ ತಳ್ಳುತ್ತಾ, “ಇವನೂ ಅನುಭವಿ, ಇವಳೂ ಅನುಭವಿ, ಇವನಿಗೂ ನನ್ನ ಕೆಲಸ ಓದಿ ಸಂತೋಷವಾಗಿದೆಯಂತೆ” ಅಂತ ನಗುತ್ತಿದ್ದಳು.

ನನಗೆ ನಗು ಬರಲಿಲ್ಲ. ನನ್ನ 46 ಪ್ರಪೋಸಲ್ ಶುರುವಾಗುತ್ತಿದ್ದದ್ದು ಹೀಗೆ: ‘ನಮಸ್ಕಾರ ಸರ್/ಮೇಡಂ, ನಿಮ್ಮ ಕೆಲಸದ ವಿವರ ಓದಿ ಸಂತೋಷವಾಯಿತು. ನಾನು ಡೇಟಾ ಕೆಲಸದಲ್ಲಿ ಅನುಭವ ಉಳ್ಳವನಾಗಿದ್ದು, ಶ್ರದ್ಧೆಯಿಂದ’ ಅಲ್ಲಿಗೆ ಎರಡು ಸಾಲು ಮುಗೀತು. ಕ್ಲೈಂಟ್‌ಗೆ ಕಾಣೋದು ಅಷ್ಟೇ. ಅವರ ಕೆಲಸದ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ‘ಸರ್/ಮೇಡಂ’ ಅನ್ನೋ ಓರೆಗೆರೆಯೇ ಸಾಕು, ಇದು ಎಲ್ಲರಿಗೂ ಕಳಿಸಿದ್ದು ಅಂತ ಸಾರಿ ಹೇಳುತ್ತೆ.

ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ಒಳಗಡೆ ಒಳ್ಳೆಯ ಮಾತೂ ಇತ್ತು. ಒಬ್ಬರು ‘ವಿಳಾಸದ ಪಟ್ಟಿಯಲ್ಲಿ ಒಂದೇ ಹೆಸರು ಎರಡೆರಡು ಸಲ ಇದೆ, ಎಕ್ಸೆಲ್‌ನಲ್ಲಿ ತೆಗೆದರೂ ಹೋಗ್ತಿಲ್ಲ’ ಅಂತ ಪೋಸ್ಟ್ ಹಾಕಿದ್ದರು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದಿದ್ದರೆ ಎಕ್ಸೆಲ್ ಅದನ್ನು ಬೇರೆ ಹೆಸರು ಅಂತಲೇ ಲೆಕ್ಕ ಹಾಕುತ್ತೆ. ನಾನು ಅದನ್ನು ಬರೆದಿದ್ದೆ. ಆದರೆ ಬರೆದದ್ದು ನಾಲ್ಕನೇ ಪ್ಯಾರಾದಲ್ಲಿ! ಮೊದಲು ನಮಸ್ಕಾರ, ಆಮೇಲೆ ನನ್ನ ಓದು, ಆಮೇಲೆ ನನಗೆ ಗೊತ್ತಿರುವ ಸಾಫ್ಟ್‌ವೇರ್‌ಗಳ ಪಟ್ಟಿ, ಆಮೇಲೆ ಇದು. ಆ ಕ್ಲೈಂಟ್ ಅದನ್ನು ತೆರೆಯಲೇ ಇಲ್ಲ. ಅವರಿಗೆ ಬೇಕಾದ ಉತ್ತರವನ್ನು ನಾನೇ ಅಡಗಿಸಿಟ್ಟಿದ್ದೆ. ಮನೆಗೆ ಬಂದ ಪ್ಲಂಬರ್, ಕೆಟ್ಟ ನಲ್ಲಿಯನ್ನು ನೋಡದೆ ಬಾಗಿಲಲ್ಲೇ ನಿಂತು ತನ್ನ ಸರ್ಟಿಫಿಕೇಟ್ ಓದುತ್ತಿದ್ದರೆ ಹೇಗೆ, ಹಾಗೆ.

47ನೆಯ ಪೋಸ್ಟ್ ಒಂದು ಸಣ್ಣ ವ್ಯಾಪಾರದವರದು. ‘ಬಿಲ್ಲುಗಳ ಪಟ್ಟಿ ಇದೆ, ಸುಮಾರು 1,850 ಸಾಲು. ತಾರೀಖಿನ ಪ್ರಕಾರ ಜೋಡಿಸಿದರೆ ಸರಿ ಬರ್ತಿಲ್ಲ. ಸಾವಿರದಷ್ಟು ತಾರೀಖು ಕೆಟ್ಟಿವೆ, ಸರಿಮಾಡಿಕೊಡಿ’ ಅಂತ. ಜೊತೆಗೆ ಒಂದು ಸ್ಕ್ರೀನ್‌ಶಾಟ್. ಅಷ್ಟು ಹೊತ್ತಿಗೆ ಮೂವತ್ತರ ಹತ್ತಿರ ಪ್ರಪೋಸಲ್ ಬಿದ್ದಿದ್ದವು.

ಆವತ್ತು ಬರೆಯುವ ಮೊದಲು ಆ ಚಿತ್ರವನ್ನು ದೊಡ್ಡದು ಮಾಡಿ ಇಪ್ಪತ್ತು ನಿಮಿಷ ನೋಡಿದೆ. ತಾರೀಖಿನ ಕಾಲಂನಲ್ಲಿ ಕೆಲವು ಎಡಕ್ಕೆ ಅಂಟಿದ್ದವು, ಕೆಲವು ಬಲಕ್ಕೆ. 217ನೇ ಬಿಲ್ಲಿನ ಮುಂದೆ 28/02/2023, ಎಡಕ್ಕೆ. 218ರ ಮುಂದೆ 1/3/2023, ಬಲಕ್ಕೆ. ಎಡಕ್ಕಿದ್ದುದರಲ್ಲಿ ಸೊನ್ನೆ ಉಳಿದಿದೆ, ಬಲಕ್ಕಿದ್ದುದರಲ್ಲಿ ಹಾರಿಹೋಗಿದೆ. ಆಗ ಹೊಳೆಯಿತು.

ಬಿಲ್ಲಿನ ಸಾಫ್ಟ್‌ವೇರ್ ತಾರೀಖನ್ನು ದಿನ-ತಿಂಗಳು ಅಂತ ಬರೆದು ಸಿಎಸ್‌ವಿ ಅನ್ನೋ ಸಾದಾ ಅಕ್ಷರದ ಫೈಲ್ ಕೊಟ್ಟಿದೆ. ಅವರ ಕಂಪ್ಯೂಟರ್ ಇರೋದು ತಿಂಗಳು-ದಿನ ಸೆಟ್ಟಿಂಗ್‌ನಲ್ಲಿ. ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ 28/02ನ್ನು ನೋಡಿ, 28ನೇ ತಿಂಗಳು ಇಲ್ಲವಲ್ಲ ಅಂತ ಅದನ್ನು ಬರೀ ಅಕ್ಷರ ಅಂತ ಬಿಟ್ಟಿದೆ. ಅಕ್ಷರ ಎಡಕ್ಕೆ ಅಂಟುತ್ತೆ. 01/03 ಬಂದಾಗ ಮಾತ್ರ ಅದಕ್ಕೆ ಅನುಮಾನವೇ ಬಂದಿಲ್ಲ. ಜನವರಿ 3 ಅಂತ ತಿಳಿದು ಬಲಕ್ಕೆ ಕೂರಿಸಿದೆ. ಅದು ನಿಜವಾಗಿ ಮಾರ್ಚ್ 1. ಕ್ಲೈಂಟ್ ಕೆಟ್ಟಿವೆ ಅಂದುಕೊಂಡಿದ್ದ ಸಾವಿರ ಸಾಲು ಎಡಕ್ಕಿದ್ದವು. ಅವು ಚೆನ್ನಾಗಿಯೇ ಇದ್ದವು. ಕೆಟ್ಟಿದ್ದು ಬಲಕ್ಕಿದ್ದ, ನೋಡೋಕೆ ಸರಿಯಾಗಿ ಕಾಣುತ್ತಿದ್ದ ಸಾಲುಗಳು.

ಹಾಗಾಗಿ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ ಹೀಗೆ ಶುರುಮಾಡಿದೆ: ‘ಎಡಕ್ಕಿರುವ ತಾರೀಖುಗಳು ಸರಿಯಾಗಿವೆ, ಬಲಕ್ಕಿರುವವು ತಪ್ಪಿವೆ ಅನ್ನಿಸುತ್ತೆ. 218ನೇ ಬಿಲ್ಲು ನೋಡಿ: ಅದು ಮಾರ್ಚ್ 1 ಇರಬೇಕು, ನಿಮ್ಮ ಶೀಟ್ ಅದನ್ನು ಜನವರಿ 3 ಅಂತ ಲೆಕ್ಕ ಹಾಕುತ್ತಿದೆ.’ ಕೆಳಗೆ ಕಾರಣ ಮೂರು ಸಾಲು. ಆಮೇಲೆ ಎರಡು ಪ್ರಶ್ನೆ: ಮೂಲ ಸಿಎಸ್‌ವಿ ಇನ್ನೂ ಇದೆಯಾ? ಶೀಟ್ ತೆರೆದ ಮೇಲೆ ಯಾರಾದರೂ ಕೈಯಲ್ಲಿ ಹೊಸ ಸಾಲು ಸೇರಿಸಿದ್ದಾರಾ? ನನ್ನ ಬಗ್ಗೆ ಬರೆದದ್ದು ಕೊನೆಗೆ ಒಂದು ಸಾಲು. ರೇಟ್ ಹಾಕಿದ್ದು ಮೊದಲಿನ, ಇಳಿಸದ ರೇಟ್.

ನಲವತ್ತು ನಿಮಿಷಕ್ಕೆ ಉತ್ತರ ಬಂತು. “ಮೂಲ ಫೈಲ್ ಇಲ್ಲ, ಅದರ ಮೇಲೇ ಸೇವ್ ಮಾಡಿಬಿಟ್ಟಿದ್ದೀವಿ. ಕೈಯಲ್ಲಿ ಸೇರಿಸಿರೋದು ನಿಮಗೆ ಹೇಗೆ ಗೊತ್ತಾಯ್ತು?”

ನನಗೆ ಗೊತ್ತಾಗಿರಲಿಲ್ಲ, ಕೇಳಿದ್ದೆ ಅಷ್ಟೇ. ಆದರೆ ಕೆಲಸದ ಜೀವ ಇದ್ದದ್ದೇ ಅಲ್ಲಿ. ಮೂಲ ಫೈಲ್ ಇದ್ದಿದ್ದರೆ ಕೆಲಸ ಹತ್ತು ನಿಮಿಷದ್ದು. ಎಕ್ಸೆಲ್‌ನ From Text/CSV ಮೂಲಕ ತಂದು, ಆ ಕಾಲಂ ದಿನ-ತಿಂಗಳು ಕ್ರಮದಲ್ಲಿದೆ ಅಂತ ಹೇಳಿದರೆ ಮುಗೀತು. ಇಲ್ಲದಿದ್ದಾಗ ಇರುವುದನ್ನೇ ತಿರುಗಿಸಬೇಕು:

```
=IF(ISNUMBER(A2),
  DATE(YEAR(A2),DAY(A2),MONTH(A2)),
  DATE(RIGHT(A2,4),MID(A2,4,2),LEFT(A2,2)))
```

ಬಲಕ್ಕಿರುವುದಾದರೆ ದಿನ-ತಿಂಗಳು ಅದಲುಬದಲು, ಎಡಕ್ಕಿರುವುದಾದರೆ ಅಕ್ಷರ ಕತ್ತರಿಸಿ ತಾರೀಖು ಮಾಡು ಅಂತ ಇದರ ಅರ್ಥ. ಆದರೆ ಕೊನೆಯ 210 ಸಾಲುಗಳನ್ನು ಅವರ ಹುಡುಗ ಕೈಯಲ್ಲಿ, ಕಂಪ್ಯೂಟರ್‌ಗೆ ಒಪ್ಪುವ ತಿಂಗಳು-ದಿನ ಕ್ರಮದಲ್ಲೇ ತುಂಬಿದ್ದ. ಅವೂ ಬಲಕ್ಕೇ ಇದ್ದವು, ಆದರೆ ಸರಿ ಇದ್ದವು. ಈ ಸೂತ್ರವನ್ನು ಕೊನೆಯವರೆಗೂ ಎಳೆದಿದ್ದರೆ ಸರಿ ಇದ್ದವೂ ಕೆಡುತ್ತಿದ್ದವು. ‘ಒಂದು ಗಂಟೆಯಲ್ಲಿ ಎಲ್ಲ ತಾರೀಖು ಸರಿಮಾಡ್ತೀನಿ’ ಅಂತ ಬರೆದವರು ಇನ್ನೂ ಇಬ್ಬರಿದ್ದರಂತೆ. ಅವರು ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು.

ಇಲ್ಲಿ ನಿಮ್ಮ ಫ್ರೀ ಪ್ರಶ್ನೆ ಬರುತ್ತೆ. ಫೈಲ್ ಕೈಗೆ ಬಂದ ಮೇಲೆ ನಾನು ಫ್ರೀಯಾಗಿ ಮಾಡಿಕೊಟ್ಟದ್ದು ಐದು ಸಾಲು. ಬಿಲ್ ನಂಬರ್, ಈಗಿನ ತಾರೀಖು, ನಿಜವಾದ ತಾರೀಖು. ಅವರು ಕಾಗದದ ಬಿಲ್ಲು ತೆಗೆದು ಹೋಲಿಸಿದರು, ಐದೂ ಸರಿ ಇದ್ದವು. ಅಷ್ಟಕ್ಕೆ ನಿಲ್ಲಿಸಿದೆ. ಪೂರ್ತಿ ಕೆಲಸ ಫ್ರೀ ಅಂದವರನ್ನು ಜನ ನಂಬಲ್ಲ, ನನ್ನ ಕೇಳಿದರೆ ನಂಬಲೂಬಾರದು. ಕೊಡೋದು ಬಿಲ್ಲುಗಳ ಲೆಕ್ಕ, ಬೇಜವಾಬ್ದಾರಿಯಿಂದ ಮಾಡಿದರೆ ಅವರ ತಲೆಗೆ ಬರುತ್ತೆ. ಒಂದು ಫೈಲ್, ತಾರೀಖಿನ ಕಾಲಂ ಮಾತ್ರ, ತಪ್ಪು ಸಿಕ್ಕರೆ ಒಂದು ಸಲ ತಿದ್ದುಪಡಿ ಅಂತ ಬರೆದು ಒಪ್ಪಿಕೊಂಡೆವು. ಅವರು ದುಡ್ಡನ್ನು ಸೈಟ್‌ನಲ್ಲಿ ಕಟ್ಟಿದ ಮೇಲೆ ಶುರುಮಾಡಿದೆ.

ಮುಗಿಸಿದ ಮೇಲೆ ಬಿಲ್ ನಂಬರ್ ಪ್ರಕಾರ ಜೋಡಿಸಿದೆ. ನಂಬರ್ ಏರುತ್ತಾ ಹೋದಂತೆ ತಾರೀಖು ಹಿಂದಕ್ಕೆ ಬೀಳಬಾರದು. ಮೂರು ಕಡೆ ಬಿತ್ತು. ನಾನೇ ತಪ್ಪು ಮಾಡಿದೆ ಅಂತ ಎದೆ ಧಸಕ್ ಅಂತು. ಮೂರೂ ಆ ಹುಡುಗ ಟೈಪ್ ಮಾಡಿದ ಸಾಲುಗಳು. ಅವನೇ ಅಲ್ಲಿ ದಿನ ಮೊದಲು ಬರೆದುಬಿಟ್ಟಿದ್ದ. ಅವನ್ನು ನಾನೇ ಬದಲಿಸದೆ, ಹಳದಿ ಬಣ್ಣ ಹಾಕಿ, ಕಾಗದದ ಬಿಲ್ಲು ನೋಡಿ ಹೇಳಿ ಅಂತ ಕಳಿಸಿದೆ.

ಆಮೇಲೆ ಒಂದು ದಿನ ಅಷ್ಟು ಜನರಲ್ಲಿ ನನ್ನನ್ನೇ ಯಾಕೆ ಆರಿಸಿದಿರಿ ಅಂತ ಕೇಳಿದೆ. “ಎಲ್ಲರೂ ಮಾಡ್ತೀನಿ ಅಂದರು. ನೀವು ಕೇಳಿದ್ದಕ್ಕೆ ನಾನು ಎದ್ದುಹೋಗಿ ಹುಡುಗನ್ನ ವಿಚಾರಿಸಬೇಕಾಯ್ತು” ಅಂದರು. ಎರಡು ವಾರಕ್ಕೆ ಅವರಿಂದಲೇ ಇನ್ನೊಂದು ಫೈಲ್ ಬಂತು, ಜಿಪ್ ಮಾಡಿ. ಕೆಳಗೆ ಒಂದು ಸಾಲು: “ಈ ಸಲ ನಾವ್ಯಾರೂ ಡಬಲ್ ಕ್ಲಿಕ್ ಮಾಡಿಲ್ಲ.”