ತಂದೆಯ ನಂತರ ಕುಟುಂಬ ಪಿಂಚಣಿ

ಪ್ರಶ್ನೆ: ಕೇಂದ್ರ ಸರ್ಕಾರದಿಂದ ನಿವೃತ್ತರಾಗಿ ಪಿಂಚಣಿ ಪಡೆಯುತ್ತಿದ್ದ ನಮ್ಮ ತಂದೆ 64ನೇ ವಯಸ್ಸಿನಲ್ಲಿ ತೀರಿಕೊಂಡರು. ಅಮ್ಮನಿಗೂ 22 ವರ್ಷದ ತಂಗಿಗೂ ಎಷ್ಟು ಪಿಂಚಣಿ ಬರುತ್ತದೆ?

ಹಳೆಯ ಪಿಂಚಣಿ ಪದ್ಧತಿಯಡಿ, ಅಂದರೆ 2021ರ ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳಂತೆ, ಮೊದಲ ಹಕ್ಕು ನಿಮ್ಮ ತಾಯಿಯವರದು. ಅವರು ಅರ್ಹರಾಗಿರುವವರೆಗೆ ತಂಗಿಗೆ ಪ್ರತ್ಯೇಕ ಪಾಲಿಲ್ಲ.

ತಂದೆಯವರ ಕೊನೆಯ ಮೂಲವೇತನ 60,000 ರೂಪಾಯಿ ಎಂದುಕೊಳ್ಳೋಣ. ಮರಣದ ದಿನದಿಂದ 7 ವರ್ಷ, ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನ, ಇವೆರಡರಲ್ಲಿ ಮೊದಲು ಬರುವವರೆಗೆ ಅದರ ಅರ್ಧ, 30,000 ರೂಪಾಯಿ ಸಿಗುತ್ತದೆ (ನಿವೃತ್ತಿಯಾದಾಗ ಮಂಜೂರಾದ ಪಿಂಚಣಿಯನ್ನು ಇದು ಮೀರುವಂತಿಲ್ಲ). ನಿಮ್ಮಲ್ಲಿ ಇದು ಸುಮಾರು 3 ವರ್ಷ. ಬಳಿಕ ಶೇಕಡಾ 30ರಂತೆ 18,000 ರೂಪಾಯಿ. ಎರಡಕ್ಕೂ ತುಟ್ಟಿಭತ್ಯೆ ಸೇರುತ್ತದೆ.

ಎರಡೂ ಮೊತ್ತಗಳು ಸಾಮಾನ್ಯವಾಗಿ ಪಿಂಚಣಿ ಪಾವತಿ ಆದೇಶದಲ್ಲೇ ಇರುತ್ತವೆ. ದಯವಿಟ್ಟು ಆ ಪುಟವನ್ನು ತೆಗೆದು ನೋಡಿ. 67ರ ದಿನಾಂಕವನ್ನು ಬ್ಯಾಂಕ್ ಗಮನಿಸದಿದ್ದರೆ ಹೆಚ್ಚುವರಿ ಪಾವತಿಯಾಗಿ, ಮುಂದೆ ವಸೂಲಿಯ ನೋಟಿಸ್ ಬರಬಹುದು, ವಯಸ್ಸಾದ ತಾಯಿಗೆ ಅದು ದೊಡ್ಡ ಹೊರೆ.

ತಾಯಿ ತೀರಿಕೊಂಡರೆ ಅಥವಾ ಮರುಮದುವೆಯಾದರೆ ಸರದಿ ಅರ್ಹ ಮಕ್ಕಳದು, ಹಿರಿಯರಿಂದ ಆರಂಭಿಸಿ, 25 ವರ್ಷ, ಮದುವೆ ಅಥವಾ ಸ್ವಂತ ಸಂಪಾದನೆಯವರೆಗೆ. ದುಡಿಯಲಾಗದ ಅಂಗವೈಕಲ್ಯವಿರುವ ಮಗುವಿಗೆ, ಹಾಗೆಯೇ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳಿಗೆ 25ರ ಮಿತಿಯಿಲ್ಲ.