ಪೇ ಬೈ ಬ್ಯಾಂಕ್: ಪಾಸ್‌ವರ್ಡ್ ಅಂಗಡಿಗೆ ಹೋಗುತ್ತಾ?

"ಲಂಡನ್‌ನಲ್ಲಿದ್ದೀನಿ. 420 ಪೌಂಡಿನ ಸೋಫಾಗೆ ಪೇ ಬೈ ಬ್ಯಾಂಕ್ ಒತ್ತಿದೆ. ಕಾರ್ಡ್ ಕೇಳಲಿಲ್ಲ, ನೇರ ನನ್ನ ಬ್ಯಾಂಕ್ ಆ್ಯಪ್ ತೆರೆಯಿತು. ಅಂಗಡಿಯವರಿಗೆ ನನ್ನ ಪಾಸ್‌ವರ್ಡ್ ಸಿಕ್ಕಿತಾ?"

ಇಲ್ಲ, ಸಿಕ್ಕಿಲ್ಲ. ಅಂಗಡಿಗೂ ಬ್ಯಾಂಕಿಗೂ ನಡುವೆ ಒಂದು ಪಾವತಿ ಕಂಪನಿ ಇರುತ್ತದೆ. ಅದಕ್ಕೆ ಅಲ್ಲಿನ ನಿಯಂತ್ರಕ ಎಫ್‌ಸಿಎ ಅನುಮತಿ ಬೇಕು. "ಈ ಅಂಗಡಿಯ ಖಾತೆಗೆ 420 ಪೌಂಡ್" ಎಂಬ ಕೋರಿಕೆಯನ್ನು ಅದು ಬ್ಯಾಂಕಿಗೆ ಕಳಿಸಿ, ನಿಮ್ಮನ್ನು ಬ್ಯಾಂಕ್ ಆ್ಯಪ್‌ಗೆ ದಾಟಿಸುತ್ತದೆ. ಬೆರಳಚ್ಚು ಅಥವಾ ಪಾಸ್‌ಕೋಡ್ ಕೊಟ್ಟಿದ್ದು ಬ್ಯಾಂಕಿಗೆ ಮಾತ್ರ. ನಿಮ್ಮ ಒಪ್ಪಿಗೆ ಆ ಮೊತ್ತಕ್ಕೆ, ಆ ಖಾತೆಗೆ, ಒಂದೇ ಸಲಕ್ಕೆ. ಆಮೇಲೆ ಹಣ ಸಾಮಾನ್ಯವಾಗಿ ಅಲ್ಲಿನ ತ್ವರಿತ ಬ್ಯಾಂಕ್ ವರ್ಗಾವಣೆ ವ್ಯವಸ್ಥೆ ಫಾಸ್ಟರ್ ಪೇಮೆಂಟ್ಸ್ ಮೂಲಕ ಖಾತೆಯಿಂದ ಖಾತೆಗೆ ಹೋಗುತ್ತದೆ, ಹೆಚ್ಚಾಗಿ ಕೆಲವೇ ಸೆಕೆಂಡಿನಲ್ಲಿ. ನಮ್ಮ ಯುಪಿಐನಲ್ಲಿ ಆ್ಯಪ್‌ನಲ್ಲಿ ಮೊತ್ತ ನೋಡಿ ಪಿನ್ ಹಾಕಿ ಒಪ್ಪುತ್ತೇವಲ್ವಾ, ಹೆಚ್ಚುಕಡಿಮೆ ಹಾಗೇ.

ನನಗೆ ಚಿಂತೆ ಇರುವುದು ಬೇರೆ ಕಡೆ. ಸೋಫಾ ಬರದಿದ್ದರೆ? ಕಾರ್ಡಿನಲ್ಲಿ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಇಲ್ಲಿಲ್ಲ. ಕ್ರೆಡಿಟ್ ಕಾರ್ಡ್ ಆಗಿದ್ದರೆ, 100 ಪೌಂಡ್ ಮೀರಿ 30,000ದವರೆಗಿನ ವಸ್ತುವಿಗೆ ಬ್ರಿಟನ್‌ನ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ. ಇಲ್ಲಿ ರೀಫಂಡ್ ಅಂದರೆ ಅಂಗಡಿಯವರೇ ಹೊಸದಾಗಿ ಹಣ ವಾಪಸ್ ಕಳಿಸಬೇಕು. ಹಾಗಾಗಿ ತಿಂಗಳುಗಟ್ಟಲೆ ಕಾದು ಪಡೆಯುವ ವಸ್ತುವಿಗೆ ನಾನು ಕ್ರೆಡಿಟ್ ಕಾರ್ಡೇ ಬಳಸುತ್ತೇನೆ.

ಮುಂದಿನ ಸಲ ಒಪ್ಪುವ ಮೊದಲು ಹೆಸರು, ಮೊತ್ತ ಎರಡನ್ನೂ ಓದಿ. ಬ್ಯಾಂಕ್ ಆ್ಯಪ್ ತೆರೆಯದೆ, ಅಂಗಡಿಯ ಪುಟದಲ್ಲೇ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಿ.